ಹಾಜರಿ ಕೊರತೆ ಮನ್ನಾ ಕೋರಿ ವೈದ್ಯಕೀಯ ಪ್ರಮಾಣಪತ್ರಗಳೊಂದಿಗೆ ಪತ್ರ

ಪೆರ್ಲ
25-03-2025

ಇವರಿಂದ:
ಅಶ್ವಿನಿ ಕೆ.
ನಾಲ್ಕನೇ ಸೆಮಿಸ್ಟರ್ ಬಿ.ಎ. ಕನ್ನಡ

ಇವರಿಗೆ:
ಪ್ರಾಂಶುಪಾಲರು
ಸರಕಾರಿ ಕಾಲೇಜು, ವಿದ್ಯಾನಗರ, ಕಾಸರಗೋಡು

ಮೂಲಕ: ಮುಖ್ಯಸ್ಥರು, ಕನ್ನಡ ವಿಭಾಗ

ವಿಷಯ: ಕಾಮಾಲೆಯಿಂದಾದ 7 ದಿನಗಳ ಹಾಜರಿ ಕೊರತೆಯನ್ನು ಮನ್ನಿಸಿ ಪರೀಕ್ಷೆಗೆ ಕೂರಲು ಅವಕಾಶ ಕೊಡುವ ಬಗ್ಗೆ

ಮಾನ್ಯರೇ,

ಈ ಸೆಮಿಸ್ಟರಿನ 90 ದಿನಗಳಲ್ಲಿ ನಾನು ಕ್ಲಾಸಿಗೆ ಬಂದದ್ದು 61 ದಿನ. ಅಂದರೆ ಶೇಕಡಾ 67.8. ಪರೀಕ್ಷೆಗೆ ಬೇಕಾದ ಶೇಕಡಾ 75 ಆಗಬೇಕಾದರೆ 68 ದಿನ ಇರಬೇಕಿತ್ತು. ಆ 7 ದಿನಗಳ ಕೊರತೆಯನ್ನು ಮನ್ನಿಸಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಜನವರಿ 6ರಂದು ಜ್ವರ, ವಾಂತಿ ಶುರುವಾಯಿತು. ಮೊದಲ ಮೂರು ದಿನ ಡಾಕ್ಟರ ಹತ್ತಿರ ಹೋಗಲಿಲ್ಲ. ಅಜ್ಜಿ ಮಾಡಿಕೊಟ್ಟ ಕಷಾಯ ಕುಡಿದು ಮನೆಯಲ್ಲೇ ಮಲಗಿದ್ದೆ. ಮೂರನೇ ದಿನ ಸಂಜೆ ಅಮ್ಮ ನನ್ನನ್ನು ಅಂಗಳದ ಬೆಳಕಿಗೆ ಕರೆದುಕೊಂಡು ಹೋಗಿ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಕಣ್ಣಿನ ಬಿಳಿಭಾಗ ಪೂರ್ತಿ ಹಳದಿಯಾಗಿತ್ತು. ಮರುದಿನ ಬೆಳಗಿನ ಮೊದಲ ಬಸ್ಸಿಗೇ ಕಾಸರಗೋಡಿನ ಆಸ್ಪತ್ರೆಗೆ ಹೋದೆವು. ಬಿಲಿರುಬಿನ್ 9.4 ಇತ್ತು. ಹೆಪಟೈಟಿಸ್ ಎ ಎಂದು ಹೇಳಿ ಅಂದೇ ಅಡ್ಮಿಟ್ ಮಾಡಿಕೊಂಡರು.

ಮೊದಲ ಪ್ರಮಾಣಪತ್ರ ಆಸ್ಪತ್ರೆಯಲ್ಲಿದ್ದ ಜನವರಿ 9ರಿಂದ 14ರವರೆಗಿನದ್ದು. ಎರಡನೆಯದ್ದು ಮನೆಯಲ್ಲಿ ವಿಶ್ರಾಂತಿ ಪಡೆದ ಜನವರಿ 15ರಿಂದ ಫೆಬ್ರವರಿ 6ರವರೆಗಿನದ್ದು. ಎರಡೂ ಸೇರಿದರೆ 29 ದಿನ. ಇದರಲ್ಲಿ ಶನಿವಾರ, ಭಾನುವಾರ 8 ದಿನ ಬರುತ್ತವೆ, ಆದ್ದರಿಂದ ತಪ್ಪಿದ ಕ್ಲಾಸಿನ ದಿನ 21 ಮಾತ್ರ. ಸರ್ಟಿಫಿಕೇಟಿನ ಲೆಕ್ಕಕ್ಕೂ ಹಾಜರಿ ಪುಸ್ತಕದ ಲೆಕ್ಕಕ್ಕೂ ಇರುವ ವ್ಯತ್ಯಾಸ ಇದೇ.

ಜನವರಿ 6, 7, 8ಕ್ಕೆ ನನ್ನ ಹತ್ತಿರ ಯಾವ ಸರ್ಟಿಫಿಕೇಟೂ ಇಲ್ಲ. ಡಾಕ್ಟರ ಹತ್ತಿರ ಹಿಂದಿನ ತಾರೀಕು ಹಾಕಿ ಬರೆಸಿಕೊಳ್ಳುವುದು ಸರಿ ಅನ್ನಿಸಲಿಲ್ಲ. ಇನ್ನು ಉಳಿದ 5 ದಿನಗಳಲ್ಲಿ 2 ದಿನ ಚಿಕ್ಕಮ್ಮನ ಮಗಳ ಮದುವೆಗೆ, 3 ದಿನ ಮನೆಯ ಅಡಿಕೆ ಕೊಯ್ಲಿಗೆ ಹೋದವು. ಆ ರಜೆಗಳು ನಾನೇ ಮಾಡಿದವು, ಅವುಗಳಿಗೆ ಮನ್ನಾ ಕೇಳುತ್ತಿಲ್ಲ. ಪ್ರಮಾಣಪತ್ರವಿರುವ 21 ದಿನಗಳಲ್ಲಿ 7 ದಿನ ಪರಿಗಣಿಸಿದರೆ ಸಾಕು.

ಮನೆಯಲ್ಲಿ ಇಷ್ಟು ದಿನ ಯಾಕೆ ಇದ್ದೆ ಎಂಬ ಪ್ರಶ್ನೆ ಬರಬಹುದು. ನಾನು ಸುಮ್ನೆ ಇದ್ದದ್ದಲ್ಲ. ಪೆರ್ಲದಿಂದ ಬದಿಯಡ್ಕ, ಚೆರ್ಕಳ ದಾಟಿ ವಿದ್ಯಾನಗರಕ್ಕೆ ದಿನಾ ಬಸ್ಸಿನಲ್ಲೇ ಬರಬೇಕು. ಹೆಚ್ಚಿನ ದಿನ ನಿಂತುಕೊಂಡೇ ಬರುವುದು. ಜನವರಿ ಕೊನೆಯಲ್ಲೂ ಹತ್ತು ಹೆಜ್ಜೆ ನಡೆದರೆ ಸುಸ್ತಾಗುತ್ತಿತ್ತು. ಫೆಬ್ರವರಿ 5ರ ಪರೀಕ್ಷೆಯಲ್ಲಿ ಬಿಲಿರುಬಿನ್ 1.2ಕ್ಕೆ ಇಳಿದ ಮೇಲೆಯೇ ಡಾಕ್ಟರು ಕಾಲೇಜಿಗೆ ಹೋಗಬಹುದು ಎಂದರು. 6ರಂದು ಫಿಟ್‌ನೆಸ್ ಸರ್ಟಿಫಿಕೇಟ್ ಸಿಕ್ಕಿತು, 7ರಂದು ಕ್ಲಾಸಿಗೆ ಬಂದೆ. ಆಮೇಲೆ ಒಂದು ದಿನವೂ ತಪ್ಪಿಸಿಲ್ಲ. ಅಡ್ಮಿಟ್ ಆದ ಮರುದಿನವೇ ಅಮ್ಮ ಕ್ಲಾಸ್ ಟೀಚರಿಗೆ ಫೋನ್ ಮಾಡಿ ತಿಳಿಸಿದ್ದರು. ಬಾಕಿಯಾಗಿದ್ದ ಎರಡು ಅಸೈನ್‌ಮೆಂಟ್‌ಗಳನ್ನೂ ಒಂದು ಸೆಮಿನಾರನ್ನೂ ಮುಗಿಸಿದ್ದೇನೆ.

ಒಂದು ವಿಷಯ ಗಮನಕ್ಕೆ ತರಬೇಕು. ಕಾಲೇಜಿನ ದಾಖಲೆಯಲ್ಲಿ ನನ್ನ ಹೆಸರು ಅಶ್ವಿನಿ ಕೆ. ಎಂದಿದೆ. ಆಸ್ಪತ್ರೆಯ ಚೀಟಿ ಮಾಡಿಸುವಾಗ ಅಮ್ಮ ಅಶ್ವಿನಿ ಕುಲಾಲ್ ಎಂದು ಹೇಳಿದ್ದರಿಂದ ಎರಡೂ ಪ್ರಮಾಣಪತ್ರಗಳಲ್ಲಿ ಹಾಗೆಯೇ ಬಂದಿದೆ. ಎರಡೂ ನಾನೇ. ವಯಸ್ಸು, ವಿಳಾಸ ತಾಳೆ ನೋಡಲು ಆಧಾರ್ ಪ್ರತಿ ಇಟ್ಟಿದ್ದೇನೆ. ಬೇರೆ ದೃಢೀಕರಣ ಬೇಕಾದರೆ ತಿಳಿಸಿ, ಮಾಡಿಸಿ ತರುತ್ತೇನೆ.

ಕಳೆದ ಮೂರು ಸೆಮಿಸ್ಟರುಗಳಲ್ಲಿ ನಾನು ಹಾಜರಿ ಮನ್ನಾ ಕೇಳಿಲ್ಲ, ಇದೇ ಮೊದಲ ಸಲ. ಈ ಸಲ ಪರೀಕ್ಷೆ ತಪ್ಪಿದರೆ ನಂತರದ ಬ್ಯಾಚಿನ ಜೊತೆ ಈ ಸೆಮಿಸ್ಟರನ್ನು ಮತ್ತೆ ಮಾಡಬೇಕಾಗುತ್ತದೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಒಂದು ವರ್ಷ ಹಿಂದೆ ಬಿದ್ದರೆ ಮತ್ತೆ ಓದು ಮುಂದುವರಿಸುವುದು ನನಗೆ ಬಹಳ ಕಷ್ಟ.

ದಯವಿಟ್ಟು ನನ್ನ ಅರ್ಜಿಯನ್ನು ತಮ್ಮ ಶಿಫಾರಸಿನೊಂದಿಗೆ ಕಣ್ಣೂರು ವಿಶ್ವವಿದ್ಯಾಲಯಕ್ಕೆ ಕಳಿಸಿಕೊಡಬೇಕು. ನಿಗದಿತ ಫಾರಂ ತುಂಬಿಸಿ ಇದರ ಜೊತೆ ಇಟ್ಟಿದ್ದೇನೆ. ಕಟ್ಟಬೇಕಾದ ಫೀಸು ಹೇಳಿದ ದಿನವೇ ಕಟ್ಟುತ್ತೇನೆ. ಹಾಲ್ ಟಿಕೆಟ್ ಬರುವ ಮೊದಲು ತೀರ್ಮಾನ ಗೊತ್ತಾದರೆ ದೊಡ್ಡ ಉಪಕಾರವಾಗುತ್ತದೆ.

ಲಗತ್ತು: ವೈದ್ಯಕೀಯ ಪ್ರಮಾಣಪತ್ರ 2 (ಮೂಲಪ್ರತಿ), ಫಿಟ್‌ನೆಸ್ ಸರ್ಟಿಫಿಕೇಟ್, ಡಿಸ್‌ಚಾರ್ಜ್ ಕಾರ್ಡ್ ಹಾಗೂ ರಕ್ತಪರೀಕ್ಷೆಯ ವರದಿಗಳ ಪ್ರತಿ, ಆಧಾರ್ ಪ್ರತಿ, ವಿಭಾಗದಿಂದ ಪಡೆದ ಹಾಜರಿ ಪಟ್ಟಿ, ತುಂಬಿಸಿದ ಫಾರಂ.

ತಮ್ಮ ವಿಧೇಯ ವಿದ್ಯಾರ್ಥಿನಿ,
(ಸಹಿ)
ಅಶ್ವಿನಿ ಕೆ.

ತಾಯಿಯ ಸಹಿ: ಮೇಲೆ ಬರೆದದ್ದೆಲ್ಲ ನನಗೆ ತಿಳಿದಂತೆ ಸತ್ಯ.
(ಸಹಿ)
ಲಲಿತಾ