ಟಿ.ವಿ. ಹಚ್ಚಿಟ್ಟು ಮಲಗಿದರೆ ನಿದ್ದೆ ಕೆಡುತ್ತದೆಯೇ?

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದವಳು, ವಯಸ್ಸು 52. ನಮ್ಮ ಯಜಮಾನರು ಟ್ರಾಲ್ ಬೋಟಿನಲ್ಲಿ ದುಡಿಯುತ್ತಾರೆ. ಒಮ್ಮೆ ಹೋದರೆ ಎಂಟು-ಹತ್ತು ದಿನ ಕಡಲಿನಲ್ಲೇ. ಮಗಳ ಮದುವೆಯಾದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಆಗಿನಿಂದ ಟಿ.ವಿ. ಹಚ್ಚಿಟ್ಟೇ ಮಲಗುವುದು ರೂಢಿಯಾಗಿದೆ. ಮನುಷ್ಯರ ಮಾತು ಕಿವಿಗೆ ಬೀಳುತ್ತಿದ್ದರೆ ಧೈರ್ಯ, ಬೇಗ ಕಣ್ಣು ಹತ್ತುತ್ತದೆ. ಆದರೆ ರಾತ್ರಿ ಎರಡು-ಮೂರು ಸಲ ಎಚ್ಚರವಾಗುತ್ತದೆ, ಬೆಳಿಗ್ಗೆ ಏಳುವಾಗ ಮೈ ಭಾರ. ಈಗ ಮೀನುಗಾರಿಕೆ ನಿಷೇಧದ ದಿನಗಳಾದ್ದರಿಂದ ಅವರು ಮನೆಯಲ್ಲಿದ್ದಾರೆ. ‘ಈ ಗದ್ದಲದಲ್ಲಿ ಹೇಗೆ ಮಲಗುತ್ತೀಯ?’ ಎಂದು ಟಿ.ವಿ. ಆರಿಸುತ್ತಾರೆ. ಆರಿಸಿದ ಕೂಡಲೇ ನನಗೆ ಎಚ್ಚರ. ಬೋಟಿನಲ್ಲಿ ಎಂಜಿನ್ ಪಕ್ಕದಲ್ಲೇ ಮಲಗುವ ಅವರಿಗೆ ಇದೊಂದು ಸದ್ದೇ? ಟಿ.ವಿ. ನಿಜವಾಗಿಯೂ ನಿದ್ದೆಗೆ ಕೆಟ್ಟದ್ದೇ?

ಉತ್ತರ: ರಾತ್ರಿಯಿಡೀ ಹಚ್ಚಿಟ್ಟರೆ ಕೆಟ್ಟದ್ದೇ. ಏಕೆ ಎಂಬುದಕ್ಕೆ ನೀವು ಹೇಳಿದ ಆ ಎಂಜಿನ್ನೇ ಒಳ್ಳೆಯ ಉದಾಹರಣೆ. ನಿಮ್ಮ ಯಜಮಾನರನ್ನು ಒಮ್ಮೆ ಕೇಳಿ ನೋಡಿ: ಎಂಜಿನ್ ಓಡುವಾಗ ನಿದ್ದೆ ಬರುತ್ತದೆ, ನಡುರಾತ್ರಿ ಅದು ತಟ್ಟನೆ ನಿಂತರೆ ಏನಾಗುತ್ತದೆ? ಬಹುಶಃ ಎದ್ದು ಕೂರುತ್ತಾರೆ. ಮಲಗಿದಾಗಲೂ ನಮ್ಮ ಕಿವಿ ಮುಚ್ಚಿರುವುದಿಲ್ಲ. ಮಿದುಳು ಒಂದೇ ಸಮನೆ ಬರುವ ಸದ್ದನ್ನು ಬದಿಗಿಟ್ಟು, ಬದಲಾಗುವ ಸದ್ದಿಗಾಗಿ ಕಾಯುತ್ತಿರುತ್ತದೆ. ಟಿ.ವಿ. ಆರಿಸಿದಾಗ ನಿಮಗೆ ಎಚ್ಚರವಾಗುವುದೂ ಇದೇ ಕಾರಣಕ್ಕೆ.

ಎಂಜಿನ್, ಫ್ಯಾನು, ಮಾಡಿನ ಮೇಲಿನ ಆಷಾಢದ ಮಳೆ, ಇವು ಏಕನಾದದವು. ಟಿ.ವಿ. ಹಾಗಲ್ಲ. ಪಿಸುಮಾತು, ಅಳು, ಬಾಗಿಲು ಬಡಿತ, ಅಷ್ಟರಲ್ಲಿ ಜಾಹೀರಾತು. ಅದರಲ್ಲೂ ಮಾತು ಇದೆಯಲ್ಲ, ಅದನ್ನು ಮಿದುಳು ಸುಲಭಕ್ಕೆ ಬಿಡುವುದಿಲ್ಲ. ನಿದ್ದೆಯಲ್ಲಿರುವವರ ಮಿದುಳು ಬೇರೆ ಹೆಸರುಗಳಿಗಿಂತ ತನ್ನ ಹೆಸರಿಗೆ ಹೆಚ್ಚು ಸ್ಪಂದಿಸುತ್ತದೆ ಎಂಬುದು ಪರೀಕ್ಷೆಗಳಲ್ಲಿ ಕಂಡಿದೆ.

ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಗಾಢನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲರ್ಧದಲ್ಲಿ, ಕನಸಿನ ನಿದ್ದೆ ಬೆಳಗಿನ ಜಾವದ ಕಡೆಗೆ. ಒಂದು ಸುತ್ತು ಮುಗಿಯುವ ಹೊತ್ತಿಗೆ ನಾವು ಎಚ್ಚರದ ಅಂಚಿಗೆ ಬರುತ್ತೇವೆ. ಕೋಣೆ ಶಾಂತವಾಗಿದ್ದರೆ ಹಾಗೆಯೇ ಒಳಗೆ ಜಾರುತ್ತೇವೆ, ಆಗ ಯಾರೋ ಕಿರುಚಿದರೆ ಕಣ್ಣು ಬಿಡುತ್ತೇವೆ. ನಿಮಗೆ ನೆನಪಿರುವುದು ಎರಡು-ಮೂರು ಎಚ್ಚರ. ನೆನಪಾಗದ ಕ್ಷಣಮಾತ್ರದ ಎಚ್ಚರಗಳು ಅದಕ್ಕಿಂತ ಹೆಚ್ಚಿರಬಹುದು. ಬೆಳಗಿನ ಮೈಭಾರಕ್ಕೆ ಅವೂ ಕಾರಣ.

ಮಲಗುವ ಕೋಣೆಯ ನಿರಂತರ ಸದ್ದು 30 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿತ್ತು. ಸಾಮಾನ್ಯ ಮಾತುಕತೆಯೇ ಸುಮಾರು 60 ಡೆಸಿಬೆಲ್. ಸದ್ದಿನ ಜೊತೆ ಬೆಳಕೂ ಇದೆ. 2022ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ, ಒಂದೇ ರಾತ್ರಿ 100 ಲಕ್ಸ್, ಅಂದರೆ ಕೋಣೆಯ ಸಾಧಾರಣ ದೀಪದಷ್ಟು ಬೆಳಕಿನಲ್ಲಿ ಮಲಗಿದ ಆರೋಗ್ಯವಂತರಲ್ಲೂ ಎದೆಬಡಿತ ಹೆಚ್ಚಿತ್ತು, ಬೆಳಿಗ್ಗೆ ಇನ್ಸುಲಿನ್ ಕೆಲಸ ಮಾಡುವ ಶಕ್ತಿ ತುಸು ಕುಂದಿತ್ತು. ಟಿ.ವಿ.ಯಿಂದ ಹಾಸಿಗೆಗೆ ಬೀಳುವ ಬೆಳಕು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ, ಹೆದರಬೇಕಾಗಿಲ್ಲ. ಆದರೂ ಮಿನುಗುವ ಪರದೆ ಕಣ್ಣೆದುರು ಬೇಡ.

ಇಷ್ಟೆಲ್ಲ ಹೇಳಿದೆನೆಂದು ಇಂದೇ ರಾತ್ರಿ ಎಲ್ಲವನ್ನೂ ಆರಿಸಿ ಕತ್ತಲಲ್ಲಿ ಮಲಗಿ ಎನ್ನಲಾರೆ. ನೀವು ಟಿ.ವಿ. ಹಚ್ಚುವುದು ಧಾರಾವಾಹಿಗಾಗಿ ಅಲ್ಲ, ಖಾಲಿ ಮನೆಗಾಗಿ. ಆ ಧೈರ್ಯವೂ ನಿದ್ದೆಗೆ ಬೇಕು. ಆತಂಕದಿಂದ ಹೊರಳಾಡುವುದಕ್ಕಿಂತ ಸಣ್ಣ ಸದ್ದಿನಲ್ಲಿ ಕಣ್ಣು ಹತ್ತುವುದೇ ಮೇಲು. ಆದ್ದರಿಂದ ಸದ್ದನ್ನು ಉಳಿಸಿಕೊಂಡು ಪರದೆಯನ್ನು ಬಿಡಿ. ಮೊಬೈಲ್ ಮಗುಚಿಟ್ಟು, ಕಥೆಯನ್ನೋ ಭಜನೆಯನ್ನೋ ಸಣ್ಣಗೆ ಹಾಕಿ. ಟಿ.ವಿ.ಯೇ ಬೇಕೆಂದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಸಾಮಾನ್ಯವಾಗಿ ‘ಸ್ಲೀಪ್ ಟೈಮರ್’ ಇರುತ್ತದೆ. ಮೊದಲ ವಾರ 60 ನಿಮಿಷಕ್ಕೆ, ಮುಂದಿನ ವಾರ 30ಕ್ಕೆ ಇಡಿ. ಜೊತೆಗೆ ಫ್ಯಾನ್ ತಿರುಗುತ್ತಿರಲಿ. ಟಿ.ವಿ. ಆರಿದಾಗ ಏಕಾಏಕಿ ಮೌನ ಬೀಳುವುದಿಲ್ಲ. ಏಕನಾದದ ಸದ್ದು ಹೊರಡಿಸುವ ಯಂತ್ರಗಳಿಗೆ ಹಣ ಸುರಿಯಬೇಡಿ, ಅವುಗಳ ಲಾಭಕ್ಕೆ ಗಟ್ಟಿ ಆಧಾರ ಇನ್ನೂ ಸಾಲದು.

ಮೂರು-ನಾಲ್ಕು ವಾರ ಹೀಗೆ ಮಾಡಿಯೂ ಮೈಭಾರ ಇಳಿಯದಿದ್ದರೆ, ನಿಮಗೇ ಜೋರು ಗೊರಕೆ ಇದ್ದರೆ ಅಥವಾ ರಾತ್ರಿ ಮೈ ಬೆವರಿ ಎಚ್ಚರವಾಗುತ್ತಿದ್ದರೆ ವೈದ್ಯರನ್ನು ಕಾಣಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಮುಟ್ಟು ನಿಲ್ಲುವ ವಯಸ್ಸಿನ ಬಿಸಿಯೇರುವಿಕೆ, ಥೈರಾಯ್ಡ್, ಇವನ್ನು ಟಿ.ವಿ.ಯ ತಲೆಗೆ ಕಟ್ಟಿ ಸುಮ್ಮನಾಗಬಾರದು. ನಿಮಗೆ ಗೊರಕೆ ಇದೆಯೇ, ಉಸಿರು ನಿಂತು ಬರುತ್ತದೆಯೇ ಎಂದು ಈಗ ನೋಡಿ ಹೇಳಲು ಯಜಮಾನರು ಪಕ್ಕದಲ್ಲೇ ಇದ್ದಾರೆ. ಜುಲೈ 31ಕ್ಕೆ ನಿಷೇಧ ಮುಗಿದು ಅವರು ಮತ್ತೆ ಬೋಟು ಹತ್ತುವ ಮೊದಲೇ, ಮನೆಯಲ್ಲಿ ಇಬ್ಬರಿರುವ ಈ ರಾತ್ರಿಗಳಲ್ಲೇ, ಟೈಮರ್ ಇಡಲು ಶುರು ಮಾಡಿ.