ವಿಷಯ: ಆರ್ಡರ್ 4071-88236: ದೋಷಪೂರಿತ ಎಲೆಕ್ಟ್ರಿಕ್ ಕೆಟಲ್, ಹಣ ವಾಪಸಾತಿಗೆ ಕೋರಿಕೆ

ಮಾನ್ಯರೇ,

ಫೆಬ್ರವರಿ 27, 2025ರಂದು ಆರ್ಡರ್ ಮಾಡಿದ 1.5 ಲೀಟರ್ ಕೆಟಲ್ ಮಾರ್ಚ್ 3ರಂದು ತಲುಪಿತು. ನೀರು ಕುದಿದ ಮೇಲೂ ಅದು ತಾನಾಗಿ ಆಫ್ ಆಗುತ್ತಿಲ್ಲ.

ಮುಚ್ಚಳ ತೆರೆದಿದ್ದರೆ ಹಬೆ ಸ್ವಿಚ್‌ಗೆ ತಲುಪದೆ ಹೀಗಾಗುವುದುಂಟು. ಆದ್ದರಿಂದ ಮುಚ್ಚಳ ಬಿಗಿಯಾಗಿ ಮುಚ್ಚಿ, 1 ಲೀಟರ್ ನೀರು ಹಾಕಿ ಪರೀಕ್ಷಿಸಿದ್ದೇನೆ. ಕುದಿ ಬಂದು 3 ನಿಮಿಷವಾದರೂ ಸ್ವಿಚ್ ಮೇಲೇಳಲಿಲ್ಲ, ಪ್ಲಗ್ ಕೀಳಬೇಕಾಯಿತು. ನೀರು ಬತ್ತಿದರೆ ಬೆಂಕಿಯ ಅಪಾಯವಿದೆ, ಹಾಗಾಗಿ ಬಳಕೆ ನಿಲ್ಲಿಸಿದ್ದೇನೆ.

ಲಗತ್ತುಗಳು: ಇನ್‌ವಾಯ್ಸ್, ತಳದ ಲೇಬಲ್‌ನ ಫೋಟೊ (ಸೀರಿಯಲ್ ಸಂಖ್ಯೆ KT15-220964), ಮತ್ತು ಗಡಿಯಾರ ಕಾಣುವಂತೆ, ಎಲ್ಲೂ ಕತ್ತರಿಸದೆ ತೆಗೆದ ವಿಡಿಯೊ.

ಇದು ಸುರಕ್ಷತೆಯ ದೋಷ; ರಿಪೇರಿಯಾಗಲಿ ಬದಲಿ ಕೆಟಲ್ ಆಗಲಿ ಬೇಡ. ಸಾಗಣೆ ಶುಲ್ಕವೂ ಸೇರಿ ಇನ್‌ವಾಯ್ಸ್‌ನ ಪೂರ್ತಿ ಮೊತ್ತವನ್ನು ನಾನು ಪಾವತಿಸಿದ ಕಾರ್ಡಿಗೇ ಮಾರ್ಚ್ 24, 2025ರ ಸಂಜೆ 5 ಗಂಟೆಯೊಳಗೆ ಮರಳಿಸಿ. ಸ್ಟೋರ್ ಕ್ರೆಡಿಟ್ ಒಪ್ಪುವುದಿಲ್ಲ. ಕೆಟಲ್, ಬೇಸ್, ಮೂಲ ಪೆಟ್ಟಿಗೆ ಸಿದ್ಧವಾಗಿವೆ. ನಿಮ್ಮ ಖರ್ಚಿನಲ್ಲಿ ಪಿಕಪ್ ವ್ಯವಸ್ಥೆ ಮಾಡಿ, ದಿನಾಂಕ ತಿಳಿಸಿ.

ಗಡುವಿನೊಳಗೆ ಹಣ ಬಾರದಿದ್ದರೆ ಇದೇ ದಾಖಲೆಗಳೊಂದಿಗೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ ಕೋರುತ್ತೇನೆ, ಗ್ರಾಹಕ ದೂರನ್ನೂ ಸಲ್ಲಿಸುತ್ತೇನೆ. ದೂರಿನ ಸಂಖ್ಯೆಯನ್ನು ಈ ಇಮೇಲ್‌ಗೆ ಉತ್ತರವಾಗಿಯೇ ಕಳಿಸಿ. ಫೋನಿನ ಮಾತಿಗೆ ದಾಖಲೆ ಉಳಿಯುವುದಿಲ್ಲ.

ಇಂತಿ,
ಗ್ರಾಹಕರು, ಆರ್ಡರ್ 4071-88236
ಮಾರ್ಚ್ 10, 2025