ಬರೀ ಬಾರ್

ಹಳೇ ನೋಟ್‌ಬುಕ್ಕಿನ ಕೊನೆಯ ಸಾಲು ಹೀಗಿತ್ತು: ಸ್ಕ್ವಾಟ್, 100 ಕೆಜಿ, 5 ಸಲ. ಆಗ ನನಗೆ 25. ಆಮೇಲೆ ಕೆಲಸ, ಮದುವೆ, ಮಗಳು. ‘ಮುಂದಿನ ತಿಂಗಳಿಂದ ಹೋಗ್ತೀನಿ’ ಅನ್ನುತ್ತಲೇ ಹದಿನೈದು ವರ್ಷ ಕಳೆಯಿತು.

ನಲವತ್ತಕ್ಕೆ ಮತ್ತೆ ಜಿಮ್ಮಿಗೆ ಹೋದೆ. ಮೊದಲ ದಿನವೇ ಬಾರ್ ಸೇರಿ 60 ಕೆಜಿ ಹಾಕಿದೆ. ನೂರಕ್ಕಿಂತ ನಲವತ್ತು ಕಡಿಮೆ ತಾನೇ, ಎಷ್ಟು ವಿನಯ ನನ್ನದು! ಐದು ಸಲ ಹೇಗೋ ಎದ್ದೆ. ಅವತ್ತು ಏನೂ ಆಗಲಿಲ್ಲ. ಎರಡನೇ ದಿನ ಬೆಳಿಗ್ಗೆ ಮಾತ್ರ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಮಗಳು ಕೆಳಗೆ ನಿಂತು ನೋಡುತ್ತಿದ್ದಳು. “ಅಪ್ಪಾ, ಇದು ಆಟಾನಾ?”

ವಾರ ಬಿಟ್ಟು ಹೋದಾಗ ಪಕ್ಕದ ರ‍್ಯಾಕ್‌ನಲ್ಲಿದ್ದ ಹಿರಿಯರೊಬ್ಬರು ನನ್ನನ್ನು ನೋಡಿ ನಕ್ಕರು. “ಪ್ಲೇಟ್ ಎಲ್ಲಾ ತೆಗೀರಿ. ಬರೀ ಬಾರ್ ಎತ್ತಿ.”

ಬರೀ ಬಾರ್ ಅಂದರೆ 20 ಕೆಜಿ. ನಾಚಿಕೆಯಾಯಿತು. ಆದರೆ ತೊಡೆಗೆ ಆ ಮೆಟ್ಟಿಲು ಇನ್ನೂ ನೆನಪಿತ್ತು. ತೆಗೆದೆ.

ಹೊಸ ನೋಟ್‌ಬುಕ್ ತೆರೆದೆ. ವಾರಕ್ಕೆ ಮೂರು ದಿನ. ವಾರಕ್ಕೆ ಎರಡೂವರೆ ಕೆಜಿ, ಅಷ್ಟೇ ಜಾಸ್ತಿ. ಅಂದರೆ ಆ ಕಡೆ ಒಂದೂಕಾಲು, ಈ ಕಡೆ ಒಂದೂಕಾಲು. 25ರಲ್ಲಿ ಈ ಪುಟ್ಟ ಪ್ಲೇಟುಗಳನ್ನು ನಾನು ಮುಟ್ಟಿಯೂ ಇರಲಿಲ್ಲ. ಈಗ ಅವನ್ನು ಯಾರಾದರೂ ಎತ್ತಿಕೊಂಡು ಹೋಗಿದ್ದರೆ ಜಿಮ್ ತುಂಬಾ ಹುಡುಕುತ್ತಿದ್ದೆ.

ಒಂಬತ್ತನೇ ವಾರ 40 ಮುಟ್ಟಿತು. ಹಗುರ ಅನಿಸಿತು. ಅದೇ ಮೋಸ. ಹಿಂದೆ ದುಡಿದ ಮಾಂಸಖಂಡ ಬೇಗ ಹಳೇ ಬಲಕ್ಕೆ ಬರುತ್ತದೆ. ಅದನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ನಿಧಾನ. ಮೊಣಕಾಲ ಚಿಪ್ಪಿನ ಕೆಳಗೆ ಚುಳುಕ್ ಎಂದಿತು. ಹಳೇ ನಾನಾಗಿದ್ದರೆ ಕ್ರೇಪ್ ಬ್ಯಾಂಡೇಜ್ ಸುತ್ತಿ ಇನ್ನೂ ಹತ್ತು ಕೆಜಿ ಹಾಕುತ್ತಿದ್ದೆ. ಮೂರು ವಾರ 40ರಲ್ಲೇ ನಿಂತೆ. ನಿಧಾನವಾಗಿ ಇಳಿಯೋದು, ನೋವು ಬರುವ ಮುಂಚೆ ನಿಲ್ಲಿಸೋದು. ನೋಟ್‌ಬುಕ್ಕಿನಲ್ಲಿ 40, 40, 40. ನೋಡೋಕೆ ಬೇಜಾರು, ನಿಜ.

ಆ ಮೂರು ವಾರದಲ್ಲೇ ಒಂದು ದಿನ ಶೂ ಲೇಸ್ ಕಟ್ಟಲು ಬಗ್ಗಿದೆ. ಕಟ್ಟಿ ಎದ್ದೆ. ಬಾಗಿಲು ದಾಟಿದ ಮೇಲೆ ಹೊಳೆಯಿತು: ಇವತ್ತು ‘ಅಯ್ಯಮ್ಮ’ ಅನ್ನಲೇ ಇಲ್ವಲ್ಲ! ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ.

ಇಪ್ಪತ್ತನೇ ವಾರ ಬಾರ್ ಮೇಲೆ 60. ಮೊದಲ ದಿನ ಹಾಕಿದ್ದ ಅದೇ ಪ್ಲೇಟುಗಳು. ಮೂರು ಸೆಟ್, ಐದೈದು ಸಲ. ಕೊನೆಯದರಲ್ಲಿ ಅರ್ಧಕ್ಕೆ ಬಂದು ಒಂದು ಕ್ಷಣ ತಡೆಯಿತು, ಆಮೇಲೆ ಎದ್ದಿತು. ಹಿರಿಯರು ಏನೂ ಹೇಳಲಿಲ್ಲ, ತಲೆಯಾಡಿಸಿದರು.

ಮನೆಗೆ ಬಂದು ಹಳೇ ನೋಟ್‌ಬುಕ್ ತೆಗೆದು ನೋಡಿದೆ. 60ರ ಪಕ್ಕದಲ್ಲಿ ‘ವಾರ್ಮಪ್’ ಅಂತ ಬರೆದಿತ್ತು. ನಗು ಬಂತು. ಹೊಸದರಲ್ಲಿ ಅದೇ 60ಕ್ಕೆ ಎರಡು ಗೆರೆ ಎಳೆದೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಮಗಳು ಮೆಟ್ಟಿಲ ಕೆಳಗೆ ಕಾದು ನಿಂತಿದ್ದಳು. ಮುಖ ಮುಂದೆ ಮಾಡಿಯೇ ಇಳಿದೆ.

“ಆಟ ಮುಗೀತಾ?” ಎಂದಳು, ಸ್ವಲ್ಪ ಬೇಜಾರಿನಿಂದ.